ಸಹನಾಳ ಥೀಸಿಸ್ ಬಗ್ಗೆ ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ಕಿರಣ: (ಫಾರ್ವರ್ಡ್ ಮಾಡಿದ ವಿಡಿಯೊ) "ಥೀಸಿಸ್ ಬರೆಯುವವರೇ ಗಮನಿಸಿ! ಪದ ಬದಲಾಯಿಸಿ ಮನುಷ್ಯರೇ ಬರೆದಂತೆ ಮಾಡುವ ಈ ಹ್ಯೂಮನೈಸರ್‌ಗೆ ಹಾಕಿದರೆ ಎಐ ಸ್ಕೋರ್ ಸೊನ್ನೆ, ಬೇರೆ ಬರಹಗಳ ಜೊತೆಗಿನ ಸಿಮಿಲಾರಿಟಿ ಸೊನ್ನೆ. ಎರಡು ನಿಮಿಷದ ಕೆಲಸ."

ಕಿರಣ: ಸಹನಾ, ನಿಂಗೇ ಹಾಕಿದ್ದು. ಸಿಮಿಲಾರಿಟಿ 27 ಪರ್ಸೆಂಟ್ ಬಂತು ಅಂತ ನಿನ್ನೆ ಅಳ್ತಾ ಇದ್ಯಲ್ಲ.

ಸಹನಾ: ಥ್ಯಾಂಕ್ಸ್ ಕಿರಣಣ್ಣ. ನಿನ್ನೆ ರಾತ್ರಿನೇ ಇಂಥದ್ದೊಂದಕ್ಕೆ ಮೂರು ಚಾಪ್ಟರ್ ಹಾಕಿದೀನಿ. 27 ಇದ್ದದ್ದು 4ಕ್ಕೆ ಇಳೀತು. ಸೋಮವಾರ ಗೈಡ್‌ಗೆ ಕೊಡ್ಬೇಕು.

ಸುಮಿತ್ರಾ ಚಿಕ್ಕಮ್ಮ: ಅಬ್ಬಾ, ಸದ್ಯ. ಇವತ್ತಾದ್ರೂ ಹೊಟ್ಟೆ ತುಂಬ ಊಟ ಮಾಡು.

ವಿಜಯಾ ಅತ್ತೆ: ಸಹನಾ, ಅದನ್ನ ಗೈಡ್‌ಗೆ ಕಳಿಸ್ಬೇಡ. ಟೂಲ್ ಕೊಟ್ಟ ಮೂರನೇ ಚಾಪ್ಟರು, ನೀನು ಮೊದಲು ಬರೆದಿದ್ದ ಮೂರನೇ ಚಾಪ್ಟರು, ಎರಡನ್ನೂ ಇಲ್ಲಿ ಹಾಕು. ಲೈಬ್ರರಿಯಲ್ಲಿ ಈ ರಿಪೋರ್ಟ್‌ಗಳನ್ನ ತೆಗೆದುಕೊಡೋದೇ ನನ್ನ ಕೆಲಸ. ಓದಿ ಹೇಳ್ತೀನಿ.

ಕಿರಣ: ಅತ್ತೆ, ಸುಮ್ನೆ ಅವಳನ್ನ ಹೆದರಿಸ್ಬೇಡಿ. ಗ್ರಾಮರ್ ಸರಿ ಮಾಡೋ ಸಾಫ್ಟ್‌ವೇರ್ ಎಲ್ಲರೂ ಬಳಸಲ್ವಾ? ಇದೂ ಹಾಗೇ. ಡೇಟಾ ಅವಳದ್ದು, ಓಡಾಡಿದ್ದು ಅವಳು. ಬದಲಾಗಿದ್ದು ಬರೀ ಪದ.

ಸಹನಾ: (ಎರಡು ಫೈಲ್)

ವಿಜಯಾ ಅತ್ತೆ: ಓದಿದೆ. ಸಹನಾ, ಒಂದು ಕೇಳ್ತೀನಿ. ನಿನ್ನ ಅನೀಮಿಯಾ ಸರ್ವೆಗೆ ಆ 120 ಗರ್ಭಿಣಿಯರನ್ನ ಹೇಗೆ ಆರಿಸಿದೆ?

ಸಹನಾ: ಎರಡು ಪಿಎಚ್‌ಸಿ ರಿಜಿಸ್ಟರಿಂದ ಎಲ್ಲರ ನಂಬರನ್ನೂ ಚೀಟಿ ಮೇಲೆ ಬರೆದು, ಸ್ಟೀಲ್ ಡಬ್ಬಿಗೆ ಹಾಕಿ, ಕುಲುಕಿ ಎತ್ತಿದ್ದು. ಆಶಾ ಕಾರ್ಯಕರ್ತೆಯವರ ಕೈಯಲ್ಲೇ ಎತ್ತಿಸಿದೆ ಅತ್ತೆ. ಲಾಟರಿ ಮೆಥಡ್.

ವಿಜಯಾ ಅತ್ತೆ: ಅದಕ್ಕೆ ನೀನು ಸಿಂಪಲ್ ರ‍್ಯಾಂಡಮ್ ಸ್ಯಾಂಪ್ಲಿಂಗ್ ಅಂತ ಬರೆದಿದ್ದೆ. ಸರಿಯಾಗೇ ಇತ್ತು. ಟೂಲ್ ಅದನ್ನ ಏನು ಮಾಡಿದೆ ನೋಡು: "ಈಸಿ ಹ್ಯಾಪ್‌ಹಜರ್ಡ್ ಸೆಲೆಕ್ಷನ್".

ವಿಜಯಾ ಅತ್ತೆ: ನಿಘಂಟಲ್ಲಿ ರ‍್ಯಾಂಡಮ್, ಹ್ಯಾಪ್‌ಹಜರ್ಡ್ ಎರಡೂ ಅಕ್ಕಪಕ್ಕ ಕೂತಿರ್ತವೆ. ಸಂಶೋಧನೆಯಲ್ಲಿ ಒಂದಕ್ಕೊಂದು ಎದುರು. ರ‍್ಯಾಂಡಮ್ ಅಂದ್ರೆ ಪಟ್ಟಿಯಲ್ಲಿರೋ ಪ್ರತಿಯೊಬ್ಬರಿಗೂ ಆಯ್ಕೆಯಾಗೋ ಅವಕಾಶ ಸಮ ಇರೋ ಹಾಗೆ ನೋಡಿಕೊಂಡಿದೀವಿ ಅಂತ. ಹ್ಯಾಪ್‌ಹಜರ್ಡ್ ಅಂದ್ರೆ ಅವತ್ತು ಎದುರಿಗೆ ಸಿಕ್ಕವರನ್ನ ಕೂರಿಸಿಕೊಂಡು ಕೇಳಿದೆ ಅಂತ. ನೀನು ಚೀಟಿ ಎತ್ತಿಸಿದ್ದೆಲ್ಲ ಆ ಒಂದು ಪದದಲ್ಲಿ ಹೋಯ್ತು. ಕಿರಣ, ಇದು ಬರೀ ಪದ ಅಲ್ಲಪ್ಪ. ಮಾಡಿದ್ದೊಂದು, ಮಾಡಿದೆ ಅಂತ ಬರೆದಿದ್ದೊಂದು ಆಗಿದೆ.

ಕಿರಣ: ಒಂದು ಪದ ತಾನೆ, ತಿದ್ದಿದ್ರಾಯ್ತು.

ವಿಜಯಾ ಅತ್ತೆ: ಮುಂದಿನ ಪುಟ ನೋಡು. ಇವಳು ಬರೆದದ್ದು: ಊಟ ಆದ ಕೂಡಲೇ ಟೀ ಕಾಫಿ ಕುಡಿಯೋ ಅಭ್ಯಾಸಕ್ಕೂ ಕಡಿಮೆ ಹಿಮೋಗ್ಲೋಬಿನ್‌ಗೂ "ಅಸೋಸಿಯೇಷನ್", ಅಂದ್ರೆ ಸಂಬಂಧ, ಕಂಡುಬಂತು. ಟೂಲ್ ಬರೆದದ್ದು: ಟೀ ಕಾಫಿ ಕುಡಿದದ್ದರಿಂದ ಹಿಮೋಗ್ಲೋಬಿನ್ "ಡ್ರಾಪ್" ಆಯಿತು. ಇವಳು ಒಬ್ಬೊಬ್ಬರ ರಕ್ತ ನೋಡಿದ್ದು ಒಂದೇ ಸಲ. ಎರಡು ಸಲ ನೋಡದೆ ಇಳೀತು ಅಂತ ಹೇಳೋಕೆ ಬರುತ್ತಾ? ಅಭ್ಯಾಸ ಮೊದಲೋ ಅನೀಮಿಯಾ ಮೊದಲೋ ಅನ್ನೋದೂ ಇಂಥ ಸರ್ವೆಯಿಂದ ಗೊತ್ತಾಗಲ್ಲ. ವೈವಾದಲ್ಲಿ ಪರೀಕ್ಷಕರು ಮೊದಲು ಕೈಯಿಡೋದು ಇಲ್ಲೇ. ಆಗ ಇವಳು ಏನಂತ ಉತ್ತರ ಕೊಡ್ಬೇಕು?

ಶ್ರೀಧರ ಮಾವ: ವಿಜಯಾ, "ರೀಸನಬಲ್ ಅನೀಮಿಯಾ" ಅಂತ ಒಂದು ಕಡೆ ಇದೆ. ನಾನು 30 ವರ್ಷ ಲ್ಯಾಬ್‌ನಲ್ಲಿದ್ದೆ, ಅಂಥದ್ದೊಂದು ಕೇಳೇ ಇಲ್ಲ.

ಸಹನಾ: ಅಯ್ಯೋ. ಅದು ಮಾಡರೇಟ್ ಅನೀಮಿಯಾ ಮಾವ.

ಶ್ರೀಧರ ಮಾವ: ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ ಡೆಸಿಲೀಟರ್‌ಗೆ 7ರಿಂದ 9.9 ಗ್ರಾಂ ಇದ್ದರೆ ಮಾಡರೇಟ್. ಅದು ಡಬ್ಲ್ಯುಎಚ್‌ಒ 2011ರಲ್ಲಿ ಹಾಕಿದ ಗೆರೆ. 7ಕ್ಕಿಂತ ಕೆಳಗೆ ಹೋದ್ರೆ ಸಿವಿಯರ್. ಆ ಪದದ ಜಾಗಕ್ಕೆ ಬೇರೆ ಪದ ಇಟ್ಟರೆ ಗೆರೆನೇ ಅಳಿಸಿಹೋಯ್ತು. ಇನ್ನೊಂದು ಕಡೆ ಅದೇ ಗುಂಪಿಗೆ "ಆ್ಯವರೇಜ್ ಅನೀಮಿಯಾ" ಅಂತಿದೆ. ಓದಿದವರಿಗೆ ಎರಡು ಬೇರೆ ಬೇರೆ ಗುಂಪು ಅನಿಸುತ್ತೆ. ನಿನ್ನ ಟೇಬಲ್‌ನಲ್ಲಿ ಮಾತ್ರ ಮಾಡರೇಟ್ ಅಂತಲೇ ಉಳಿದಿದೆ, ಯಾಕಂದ್ರೆ ಟೇಬಲ್ಲನ್ನ ನೀನು ಟೂಲ್‌ಗೆ ಹಾಕಿಲ್ಲ. ಟೇಬಲ್ಲು ಬರಹ ಒಂದಕ್ಕೊಂದು ತಾಳೆನೇ ಆಗ್ತಿಲ್ಲ ಕಂದ.

ಕಿರಣ: ಇದು ಕೆಟ್ಟ ಟೂಲ್ ಇರ್ಬೇಕು. ದುಡ್ಡು ಕೊಟ್ಟು ತಗೊಂಡ್ರೆ ಹೀಗಾಗಲ್ಲ.

ವಿಜಯಾ ಅತ್ತೆ: ದುಡ್ಡಿಂದು ಹೊಸತಿರಬಹುದು, ವಾಕ್ಯ ಇಷ್ಟು ಒಡ್ಡೊಡ್ಡಾಗಿ ಇರಲಿಕ್ಕಿಲ್ಲ. ಆದ್ರೆ ಅದರ ಕೆಲಸವೇ ಏನು ಯೋಚಿಸು. ಎಐ ಡಿಟೆಕ್ಟರ್‌ಗಳು ಮುಖ್ಯವಾಗಿ ನೋಡೋದು, ಒಂದು ಪದ ಆದ ಮೇಲೆ ಮುಂದಿನ ಪದ ಎಷ್ಟು ನಿರೀಕ್ಷಿತವಾಗಿ ಬಂದಿದೆ ಅಂತ. ಎಲ್ಲವೂ ಊಹಿಸಿದ ಹಾಗೇ ಬಂದರೆ ಯಂತ್ರ ಬರೆದಿರಬಹುದು ಅಂತ ಅಂಕ ಏರುತ್ತೆ. ಅದಕ್ಕೇ ಹ್ಯೂಮನೈಸರ್ ನಿರೀಕ್ಷಿತ ಪದ ತೆಗೆದು ನಿರೀಕ್ಷೆಯಿಲ್ಲದ್ದನ್ನ ತಂದು ಕೂರಿಸುತ್ತೆ. ಶಾಸ್ತ್ರದ ಬರಹದಲ್ಲಿ ಎಲ್ಲರೂ ನಿರೀಕ್ಷಿಸೋ ಪದವೇ ಸರಿಯಾದ ಪದ. ರ‍್ಯಾಂಡಮ್ ಆದ ಮೇಲೆ ಸ್ಯಾಂಪ್ಲಿಂಗ್ ಬರಲೇಬೇಕು. ಅಡುಗೆಗೆ ಅಳತೆ ಹಾಕಿ ಉಪ್ಪು ಹಾಕಿರ್ತೀವಿ, ಅದನ್ನೇ ಹುಡುಕಿ ತೆಗೆಯೋ ಕೆಲಸ ಇದು. ದುಡ್ಡು ಕೊಟ್ಟರೂ ಅದರ ಗುರಿ ಅದೇ ತಾನೆ?

ಸುಮಿತ್ರಾ ಚಿಕ್ಕಮ್ಮ: ಇಷ್ಟೆಲ್ಲ ಯಾರು ಓದ್ತಾರೆ ವಿಜಯಾ? ಪರ್ಸೆಂಟ್ ನೋಡಿ ಸೈನ್ ಹಾಕ್ತಾರೆ ಅಷ್ಟೆ.

ವಿಜಯಾ ಅತ್ತೆ: ಓದೋರು ಇದಾರೆ ಸುಮಿ. 2021ರಲ್ಲಿ ಫ್ರಾನ್ಸಿನ ಗಿಯೋಮ್ ಕಬಾನಾಕ್, ಅವರ ಜೊತೆ ಸಿರಿಲ್ ಲಾಬೆ, ಅಲೆಕ್ಸಾಂಡರ್ ಮಗಾಜಿನೋವ್, ಇವರು ಪ್ರಕಟವಾದ ವಿಜ್ಞಾನ ಪ್ರಬಂಧಗಳಲ್ಲಿ ಇಂಥವೇ ಪದಗಳನ್ನ ಹೆಕ್ಕಿದರು. ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ ಇರಬೇಕಾದ ಕಡೆ "ಕೌಂಟರ್‌ಫೀಟ್ ಕಾನ್ಷಿಯಸ್‌ನೆಸ್", ಅಂದ್ರೆ ಖೋಟಾ ಪ್ರಜ್ಞೆ. ಬಿಗ್ ಡೇಟಾ ಜಾಗದಲ್ಲಿ "ಕೊಲಾಸಲ್ ಇನ್ಫರ್ಮೇಷನ್". ಬ್ರೆಸ್ಟ್ ಕ್ಯಾನ್ಸರ್ ಅನ್ನೋದು "ಬುಜಮ್ ಪೆರಿಲ್", ಅಂದ್ರೆ ಎದೆಯ ಗಂಡಾಂತರ, ಆಗಿತ್ತು. ಇಂಥವಕ್ಕೆ ಅವರು ಟಾರ್ಚರ್ಡ್ ಫ್ರೇಸಸ್ ಅಂತ ಹೆಸರಿಟ್ಟರು, ಚಿತ್ರಹಿಂಸೆ ಕೊಟ್ಟ ಪದಗಳು ಅಂತ. ಈಗ ಪ್ರಾಬ್ಲೆಮ್ಯಾಟಿಕ್ ಪೇಪರ್ ಸ್ಕ್ರೀನರ್ ಅಂತ ಒಂದು ವ್ಯವಸ್ಥೆ ಇಂಥ ಪದ ಇರೋ ಲೇಖನಗಳನ್ನ ಹುಡುಕಿ ಎತ್ತಿ ತೋರಿಸುತ್ತೆ. ಪ್ರಕಟವಾಗಿ ವರ್ಷಗಳಾದ ಮೇಲೂ ವಾಪಸ್ ಪಡೆದ ಪ್ರಬಂಧಗಳಿವೆ.

ಕಿರಣ: ಅತ್ತೆ, ಒಂದು ಮಾತು ನೀವೂ ಒಪ್ಪಬೇಕು. ಡಿಟೆಕ್ಟರೇ ಸರಿಯಿಲ್ಲ. ನಮ್ಮಂಥ ಇಂಗ್ಲಿಷ್ ಮನೆಮಾತಲ್ಲದವರು ಸ್ವಂತವಾಗಿ ಬರೆದದ್ದನ್ನೂ ಎಐ ಅಂತ ಹೇಳುತ್ತೆ. ಅದರಿಂದ ತಪ್ಪಿಸಿಕೊಳ್ಳೋಕೆ ಹುಡುಗಿ ಇದನ್ನ ಬಳಸಿದ್ರೆ ತಪ್ಪೇನು?

ವಿಜಯಾ ಅತ್ತೆ: ಅದು ನಿಜ, ಒಪ್ತೀನಿ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನವರು ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನ ಏಳು ಡಿಟೆಕ್ಟರ್‌ಗೆ ಹಾಕಿ ನೋಡಿದರು. ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧ ಯಂತ್ರ ಬರೆದದ್ದು ಅಂತ ತಪ್ಪಾಗಿ ಬಂತು. ಓಪನ್‌ಎಐ ತಾನೇ ಮಾಡಿದ ಡಿಟೆಕ್ಟರನ್ನ ಅದೇ ವರ್ಷ ಜುಲೈಯಲ್ಲಿ, ನಿಖರತೆ ಕಡಿಮೆ ಅಂತ ಹೇಳಿ ನಿಲ್ಲಿಸಿತು. ಬರೀ ಆ ಅಂಕ ನೋಡಿ ಮಕ್ಕಳ ಮೇಲೆ ತಪ್ಪು ಹೊರಿಸ್ಬೇಡಿ ಅಂತ ನಾನೇ ನಮ್ಮ ಕಮಿಟಿಯಲ್ಲಿ ಜಗಳ ಆಡಿದೀನಿ.

ವಿಜಯಾ ಅತ್ತೆ: ಆದ್ರೆ ತಪ್ಪು ಆರೋಪ ಬಂದಾಗ ನನ್ನ ಎದುರು ಕೂತ ಹುಡುಗಿಯ ಕೈಯಲ್ಲಿ ಏನಿರ್ಬೇಕು? ಮೊದಲ ಡ್ರಾಫ್ಟು, ಗೈಡ್ ಕೆಂಪು ಇಂಕಲ್ಲಿ ತಿದ್ದಿದ ಪ್ರತಿ, ಫೈಲಿನ ವರ್ಷನ್ ಹಿಸ್ಟರಿ, ಫೀಲ್ಡ್ ಡೈರಿ. ಅವಳೇ ಬರೆದಿದ್ದಾಳೆ ಅನ್ನೋದಕ್ಕೆ ಇವು ಸಾಕ್ಷಿ. ಟೂಲ್‌ಗೆ ಹಾಕಿದ ದಿನ ಏನಾಗುತ್ತೆ? ಡ್ರಾಫ್ಟಲ್ಲಿ ಇಲ್ಲದ ಭಾಷೆ ಕೊನೆ ಪ್ರತಿಯಲ್ಲಿ ಒಂದೇ ರಾತ್ರಿಯಲ್ಲಿ ಬಂದು ಕೂತಿರುತ್ತೆ. ತಪ್ಪೇ ಮಾಡದವಳಿಗೆ ಮುಚ್ಚಿಡೋ ವಿಷಯ ಒಂದು ಹುಟ್ಟಿಕೊಳ್ತು.

ಸಹನಾ: ಅತ್ತೆ ಕೋಟ್ಸ್ ಒಳಗಿಂದೂ ಬದಲಾಗಿದೆ. ಈಗ ನೋಡಿದೆ. ಪಠ್ಯಪುಸ್ತಕದ ಡೆಫಿನಿಷನ್ ಹಾಕಿದ್ದೆ, ಲೇಖಕರ ಹೆಸರು, ಪುಟದ ಸಂಖ್ಯೆ ಹಾಗೇ ಇದೆ, ಒಳಗಿನ ಮಾತು ಬೇರೆ.

ವಿಜಯಾ ಅತ್ತೆ: ಹೌದು, ಅದನ್ನೂ ಗುರುತು ಹಾಕಿಟ್ಟಿದ್ದೆ. ನನ್ನ ಪ್ರಕಾರ ಇದೇ ದೊಡ್ಡದು. ಲೇಖಕರು ಹೇಳದ ಮಾತನ್ನ ಅವರ ಹೆಸರಲ್ಲಿ, ಉದ್ಧರಣ ಚಿಹ್ನೆ ಹಾಕಿ, ಪುಟದ ಸಂಖ್ಯೆ ಸಮೇತ ಕೊಟ್ಟ ಹಾಗಾಯ್ತು. ಯಾರಾದ್ರೂ ಆ ಪುಟ ತೆಗೆದು ನೋಡಿದರೆ ಮುಗೀತು, ಸುಳ್ಳು ಉಲ್ಲೇಖ ಅಂತಾರೆ. ನೀನು ಮೊದಲು ಸರಿಯಾಗಿ ಕೊಟ್ಟಿದ್ದೆ, ಅದು ತಪ್ಪೇ ಆಗಿರಲಿಲ್ಲ!

ಸಹನಾ: ಮತ್ತೆ 27?

ವಿಜಯಾ ಅತ್ತೆ: ಪೂರ್ತಿ ರಿಪೋರ್ಟ್ ಕಳಿಸು. ಬರೀ ಮುಖಪುಟ ನೋಡ್ಬೇಡ.

ಸಹನಾ: (ಪಿಡಿಎಫ್)

ವಿಜಯಾ ಅತ್ತೆ: ನೋಡು. ಗ್ರಂಥಋಣದ ಪಟ್ಟಿಯಿಂದಲೇ 11 ಬಂದಿದೆ. ಉದ್ಧರಣ ಚಿಹ್ನೆಯೊಳಗಿನ ಮಾತಿಂದ 5. ಯುಜಿಸಿಯ 2018ರ ನಿಯಮದಲ್ಲಿ ಗ್ರಂಥಋಣ, ಮೂಲ ಹೇಳಿ ಕೊಟ್ಟ ಉದ್ಧರಣೆ, ಸಾಮಾನ್ಯ ಪಾರಿಭಾಷಿಕ ಪದ, ಇವನ್ನೆಲ್ಲ ಲೆಕ್ಕದಿಂದ ಬಿಡಬೇಕು ಅಂತಲೇ ಇದೆ. ಫಿಲ್ಟರ್ ಹಾಕದೆ ಓಡಿಸಿದಾರೆ. ಅದನ್ನ ಹಾಕಿ ಮತ್ತೆ ಓಡಿಸಿದ್ರೆ ಉಳಿಯೋದು ಸುಮಾರು 11.

ಕಿರಣ: ಅದೂ 10 ದಾಟಿತಲ್ಲ ಅತ್ತೆ.

ವಿಜಯಾ ಅತ್ತೆ: ದಾಟಿದೆ. ಆ ಉಳಿದದ್ದರಲ್ಲಿ ಹೆಚ್ಚಿನದು ಒಂದೂವರೆ ಪುಟ, ಸೀನಿಯರ್ ಥೀಸಿಸ್‌ನಿಂದ ಎತ್ತಿದ್ದು. ಸಹನಾ, ಅದು ಮಾತ್ರ ನಿನ್ನ ತಪ್ಪು. ಅದನ್ನ ನೀನೇ ಕೂತು ಬರೀಬೇಕು. ಒಂದು ಪಕ್ಷ ಹಾಗೇ ಕೊಟ್ಟಿದ್ದರೂ, 10ರಿಂದ 40ರೊಳಗೆ ಬಂದರೆ ಆ ನಿಯಮದ ಪ್ರಕಾರ ತಿದ್ದಿ ಮತ್ತೆ ಕೊಡೋಕೆ ಹೇಳ್ತಾರೆ, ಅದಕ್ಕೆ ಹೆಚ್ಚೆಂದರೆ 6 ತಿಂಗಳ ಗಡುವು. ತಿದ್ದಬಹುದಾದದ್ದನ್ನ ಮುಚ್ಚೋಕೆ ಹೋಗಿ, ಮಾಡದ ಮೆಥಡ್ಡು, ಇಲ್ಲದ ಫಲಿತಾಂಶ, ಹೇಳದ ಉಲ್ಲೇಖ ಮೂರನ್ನೂ ಒಳಗೆ ತಂದುಕೊಂಡೆ. ಆ ಒಂದೂವರೆ ಪುಟವೂ ಪದ ಬದಲಾಯಿಸಿಕೊಂಡು ಹಾಗೇ ಕೂತಿದೆ. ಬೇರೆಯವರ ವಿಚಾರವನ್ನ ತನ್ನದು ಅಂತ ಕೊಡೋದೂ ಆ ನಿಯಮದಲ್ಲಿ ಕೃತಿಚೌರ್ಯವೇ. ಸ್ಕೋರ್ 4 ಆಯ್ತು ಅಂತ ಅದು ನಿನ್ನ ಬರಹ ಆಗಲಿಲ್ಲಮ್ಮ.

ಸಹನಾ: ಆ ಒಂದೂವರೆ ಪುಟ ಯಾವ್ದು ಅಂತ ಗೊತ್ತಾಯ್ತು. ಸ್ಟಡಿ ಸೆಟ್ಟಿಂಗ್. ಆ ಪಿಎಚ್‌ಸಿಗಳಿಗೆ ನಾನೇ ಎಂಟು ವಾರ ಹೋಗಿದೀನಿ, ಆದ್ರೆ ಇಂಗ್ಲಿಷಲ್ಲಿ ಬರೆಯೋಕೆ ಧೈರ್ಯ ಬರಲಿಲ್ಲ ಅತ್ತೆ.

ವಿಜಯಾ ಅತ್ತೆ: ಮೊದಲು ಕನ್ನಡದಲ್ಲಿ ಹೇಳು. ಎಲ್ಲಿದೆ, ಎಷ್ಟು ಹಳ್ಳಿ ಬರುತ್ತೆ, ತಾಯಂದಿರ ತಪಾಸಣೆ ಯಾವ ದಿನ, ರಕ್ತ ಎಲ್ಲಿ ಕೂತು ತೆಗೆದ್ರಿ. ವಾಯ್ಸ್ ಮೆಸೇಜ್ ಹಾಕಿದ್ರೂ ಆಗುತ್ತೆ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯ ಮಾಡು. ವ್ಯಾಕರಣ ತಪ್ಪಿದ್ರೆ ನಾನು, ನಿಮ್ಮ ಮಾವ ನೋಡ್ತೀವಿ. ನಾವು ನೋಡಿದ್ದು ಅಂತ ಕೃತಜ್ಞತೆಯಲ್ಲಿ ಒಂದು ಸಾಲು ಹಾಕು.

ಕಿರಣ: ಆ ವಿಡಿಯೊ ಡಿಲೀಟ್ ಮಾಡ್ತಿದೀನಿ. ಆಫೀಸ್ ಗುಂಪಲ್ಲೂ ಹಾಕಿದ್ದೆ, ಅಲ್ಲೂ ತೆಗೀತೀನಿ. ಸಹನಾ, ಹಳೆ ಫೈಲ್ ಮೇಲೆ ಓವರ್‌ರೈಟ್ ಮಾಡಿಲ್ಲ ತಾನೆ?

ಸಹನಾ: ಎರಡನೇ ಚಾಪ್ಟರ್ ಮೇಲೆ ಮಾಡ್ಬಿಟ್ಟಿದೀನಿ ಕಿರಣಣ್ಣ.

ಕಿರಣ: ಹೆದರ್ಬೇಡ. ಡ್ರೈವ್‌ನಲ್ಲಿದ್ರೆ ಹಳೆ ವರ್ಷನ್ ಸಿಗುತ್ತೆ. ಈಗ್ಲೇ ಕಾಲ್ ಮಾಡ್ತೀನಿ, ಲ್ಯಾಪ್‌ಟಾಪ್ ಮುಂದೆ ಕೂತ್ಕೊ.

ಸಹನಾ: (ವಾಯ್ಸ್ ಮೆಸೇಜ್, 3:12) ಅತ್ತೆ, ಮೊದಲನೇ ಪಿಎಚ್‌ಸಿದು ಹೇಳಿದೀನಿ. ತಪಾಸಣೆ ಗುರುವಾರ ಇರ್ತಿತ್ತು.