ಬಿಕಾಂನ ಎರಡು ಪೇಪರ್ ಬಾಕಿ: ಬರೆಸಬೇಕಾ, ಬಿಡಬೇಕಾ?

ಪ್ರಶ್ನೆ, ವಿರಾಜಪೇಟೆಯಿಂದ

ನನ್ನ ತಂಗಿಗೆ ಬಿಕಾಂನಲ್ಲಿ ಎರಡು ಪೇಪರ್ ಬಾಕಿ ಇವೆ. ಎರಡು ವರ್ಷದಿಂದ ಗೋಣಿಕೊಪ್ಪದಲ್ಲಿ ಒಬ್ಬ ಕಾಫಿ ವ್ಯಾಪಾರಿ ಹತ್ತಿರ ಲೆಕ್ಕ ನೋಡಿಕೊಳ್ಳುತ್ತಾಳೆ. ಟ್ಯಾಲಿ, ಜಿಎಸ್‌ಟಿ ಎಲ್ಲ ಅವಳೇ ಮಾಡುವುದು. ಬೇರೆ ಕಡೆ ಅರ್ಜಿ ಹಾಕಿದರೆ ಮಾತ್ರ ಒಬ್ಬರೂ ಕರೆಯುವುದಿಲ್ಲ. ಆ ಪೇಪರ್ ಬರೆದರೂ ಅವಳು ಲೆಕ್ಕ ಬರೆಯುವ ರೀತಿ ಬದಲಾಗುವುದಿಲ್ಲ. ಹಾಗಿದ್ದರೆ ಅದಕ್ಕೆ ಯಾಕೆ ಇಷ್ಟು ಬೆಲೆ? ಬರೆಸಬೇಕಾ? ಅನುಭವ ಇದ್ದವರು ಹೇಳಿ.

ಮಡಿಕೇರಿಯಿಂದ, ರೆಸಾರ್ಟ್ ಒಂದರಲ್ಲಿ ನೇಮಕಾತಿ ನೋಡುವವರು

ಬರೆಸಿ. ನಾನು ಮೇಜಿನ ಈ ಕಡೆ ಕೂತವಳು, ಹಾಗಾಗಿ ನೇರವಾಗಿ ಹೇಳುತ್ತೇನೆ. ಒಂದು ಅಕೌಂಟ್ಸ್ ಕೆಲಸಕ್ಕೆ ಅರ್ಜಿಗಳ ಕಟ್ಟು ಬರುತ್ತದೆ. ಎಲ್ಲರೂ ಟ್ಯಾಲಿ ಗೊತ್ತು ಅಂತಲೇ ಬರೆದಿರುತ್ತಾರೆ. ಹಾಗೆ ಬರೆಯುವುದಕ್ಕೆ ಖರ್ಚೇನಿದೆ? ಹತ್ತು ಜನರನ್ನು ಕರೆಯಲು ಮಾತ್ರ ನನಗೆ ಸಮಯ. ಡಿಗ್ರಿ ಮುಗಿದಿಲ್ಲದ ಅರ್ಜಿ ಮೊದಲ ಸುತ್ತಿನಲ್ಲೇ ಪಕ್ಕಕ್ಕೆ ಹೋಗುತ್ತದೆ.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಪೇಪರ್ ಬಾಕಿ ಇದ್ದವರಿಗಿಂತ ಎರಡೇ ಬಾಕಿ ಇದ್ದವರ ಅರ್ಜಿ ನೋಡಿದಾಗ ನನಗೆ ಅನುಮಾನ ಜಾಸ್ತಿ. ಇಷ್ಟು ಹತ್ತಿರ ಬಂದು ಯಾಕೆ ಬಿಟ್ಟರು ಅನಿಸುತ್ತದೆ. ಮನೆಯಲ್ಲಿ ಕಾಯಿಲೆ ಇತ್ತೋ ಏನೋ, ಅದು ನನಗೆ ಕಾಣುವುದಿಲ್ಲ. ಕಾಣುವುದು ಬಿಟ್ಟದ್ದು ಮಾತ್ರ.

ಸಿದ್ದಾಪುರದಿಂದ, ತೋಟದವರು

ನಮ್ಮಲ್ಲೂ ಇದೇ ಗೋಳು ನೋಡಿ. ತೋಟದ ಹಾಜರಿ, ಲೆಕ್ಕ ಬರೆಯಲು ಒಳ್ಳೆ ರೈಟರ್ ಸಿಗುತ್ತಿಲ್ಲ. ಹಿಂದಿನ ವರ್ಷ ಡಿಗ್ರಿ ಆದ ಹುಡುಗನನ್ನು ಇಟ್ಟುಕೊಂಡೆ. ಹಾಜರಿ ಪುಸ್ತಕ ಚೆಂದ ಬರೆಯುತ್ತಿದ್ದ, ಆದರೆ ಬೆಳಿಗ್ಗೆ ಆಳುಗಳ ಹಾಜರಿ ಕರೆಯುವ ಮಸ್ಟರ್‌ಗೆ ಬರುತ್ತಿದ್ದದ್ದು ಎಂಟೂವರೆಗೆ! ಈಗ ನಾನು ಡಿಗ್ರಿ ಕೇಳುವುದನ್ನೇ ಬಿಟ್ಟಿದ್ದೇನೆ. ಒಂದು ಸೀಸನ್ ಇಟ್ಟು ನೋಡುತ್ತೇನೆ, ಸರಿ ಇದ್ದರೆ ಮುಂದುವರಿಸುತ್ತೇನೆ. ಕಾಫಿ ಕೊಡುವಾಗ ವ್ಯಾಪಾರಿ ನನ್ನ ಬಾಯಿಮಾತು ನಂಬುತ್ತಾನಾ? ಚೀಲದಿಂದ ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ತೂಕ ಹಾಕಿ ಔಟ್‌ಟರ್ನ್ ನೋಡುತ್ತಾನೆ. ಮನುಷ್ಯರನ್ನೂ ಹಾಗೇ ನೋಡಬೇಕು. ನಿಮ್ಮ ತಂಗಿಗೆ ತೋಟದ ಕೆಲಸ ಆಗುವುದಾದರೆ ಹೇಳಿ.

ಮಡಿಕೇರಿಯಿಂದ, ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ

ತೋಟದ ಸಾಹುಕಾರರ ಔಟ್‌ಟರ್ನ್ ಮಾತನ್ನೇ ಹಿಡಿದುಕೊಳ್ಳುತ್ತೇನೆ. 50 ಕೆಜಿ ಚೆರಿಯಿಂದ ಎಷ್ಟು ಕ್ಲೀನ್ ಕಾಫಿ ಬರುತ್ತದೆ ಅಂತ ಒಂದು ಹಿಡಿ ಸ್ಯಾಂಪಲ್ ಕೆಲವೇ ನಿಮಿಷದಲ್ಲಿ ಹೇಳಿಬಿಡುತ್ತದೆ. ಮನುಷ್ಯನ ಔಟ್‌ಟರ್ನ್ ನೋಡಲು ನಿಮಗೆ ಒಂದು ಸೀಸನ್ ಬೇಕು. ಆ ಸೀಸನ್‌ನ ಸಂಬಳ ನಿಮ್ಮದೇ, ಅವನು ಮಾಡಿದ ತಪ್ಪೂ ನಿಮ್ಮ ತಲೆಯ ಮೇಲೆಯೇ. ನಿಮಗೆ ಒಬ್ಬ ರೈಟರ್ ಸಾಕು, ಅದಕ್ಕೇ ನಡೆಯುತ್ತದೆ. ಮೇಡಂ ಹತ್ತಿರ ಕಟ್ಟುಗಟ್ಟಲೆ ಅರ್ಜಿ ಇದೆ. ಅವರು ಹೊರಗಿನಿಂದ ಕಾಣುವ ಯಾವುದಾದರೂ ಗುರುತು ಹುಡುಕಲೇಬೇಕು.

ಯಾವ ಗುರುತನ್ನು ನಂಬಬಹುದು ಎನ್ನುವುದನ್ನು ಮೈಕೆಲ್ ಸ್ಪೆನ್ಸ್ 1973ರಲ್ಲಿ ಒಂದು ಲೇಖನದಲ್ಲಿ ಬಿಡಿಸಿ ತೋರಿಸಿದರು. ಈ ಬಗೆಯ ಕೆಲಸಕ್ಕೆ 2001ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಅವರ ಲೆಕ್ಕವನ್ನು ನಮ್ಮ ರೂಪಾಯಿಯಲ್ಲಿ ಹಾಕುತ್ತೇನೆ. ಅಂಕಿ ನನ್ನವು, ಸುಮ್ನೆ ಉದಾಹರಣೆಗೆ.

ಊರಿನಲ್ಲಿ ಎರಡು ಥರದ ಲೆಕ್ಕದವರು, ಅರ್ಧ ಅರ್ಧ. ಒಬ್ಬರಿಂದ ಮಾಲೀಕನಿಗೆ ತಿಂಗಳಿಗೆ 24,000 ರೂಪಾಯಿಯ ಕೆಲಸ, ಇನ್ನೊಬ್ಬರಿಂದ 16,000ದ್ದು. ಮುಖ ನೋಡಿದರೆ ಯಾರು ಯಾವ ಥರ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಎಲ್ಲರಿಗೂ ಸರಾಸರಿ 20,000 ಸಂಬಳ. ಈಗ ಮಾಲೀಕರೆಲ್ಲ ಡಿಗ್ರಿ ಇದ್ದವರಿಗೆ 24,000, ಇಲ್ಲದವರಿಗೆ 16,000 ಎಂದು ತೀರ್ಮಾನಿಸಿದರು ಅಂದುಕೊಳ್ಳಿ. ತಿಂಗಳಿಗೆ 8,000 ವ್ಯತ್ಯಾಸ, ಎರಡು ವರ್ಷಕ್ಕೆ 1,92,000.

ಇನ್ನು ಡಿಗ್ರಿ ಪಡೆಯುವ ಕಷ್ಟ. ಫೀಸು, ರಾತ್ರಿ ಓದು, ಫೇಲಾಗಿ ಮತ್ತೆ ಬರೆಯುವುದು, ಆ ವರ್ಷಗಳಲ್ಲಿ ಬಿಟ್ಟುಹೋದ ಸಂಪಾದನೆ, ಎಲ್ಲಕ್ಕೂ ಬೆಲೆ ಕಟ್ಟಿ. ಮೊದಲನೆಯ ಥರದವರಿಗೆ ಅದು 1,20,000 ಆಗುತ್ತದೆ. ಎರಡನೆಯವರಿಗೆ ಒಂದೊಂದು ಪೇಪರ್‌ಗೂ ಮೂರು ಸಲ ಕೂರಬೇಕು, 2,50,000 ಆಗುತ್ತದೆ. ಮೊದಲನೆಯವರಿಗೆ ಡಿಗ್ರಿ ಲಾಭ, ಮಾಡುತ್ತಾರೆ. ಎರಡನೆಯವರಿಗೆ ನಷ್ಟ, ಬಿಡುತ್ತಾರೆ. ಮಾಲೀಕರು ಅಂದುಕೊಂಡದ್ದು ತಾನಾಗಿಯೇ ನಿಜವಾಯಿತು. ನೋಡಿ, ಇಲ್ಲಿ ಕಾಲೇಜು ಒಂದಕ್ಷರ ಕಲಿಸಿದೆ ಅಂತ ನಾನು ಲೆಕ್ಕಕ್ಕೆ ಹಿಡಿದೇ ಇಲ್ಲ. ಡಿಗ್ರಿ ಕೆಲಸ ಮಾಡಿದ್ದು ಅದು ಕಷ್ಟ ಎನ್ನುವುದರಿಂದಲ್ಲ, ಒಬ್ಬರಿಗಿಂತ ಇನ್ನೊಬ್ಬರಿಗೆ ಹೆಚ್ಚು ಕಷ್ಟ ಎನ್ನುವುದರಿಂದ. ಅದೇ ಡಿಗ್ರಿ ಇಬ್ಬರಿಗೂ 1,00,000ಕ್ಕೆ ಸಿಗುವಂತಾದರೆ ಇಬ್ಬರೂ ಮಾಡುತ್ತಾರೆ. ಆಮೇಲೆ ಅದು ಏನನ್ನೂ ಹೇಳುವುದಿಲ್ಲ, ಮಾಲೀಕರು ಎಂಕಾಂ ಕೇಳಲು ಶುರು ಮಾಡುತ್ತಾರೆ.

ತರಗತಿಯಲ್ಲಿ ಮಕ್ಕಳು ಬೆಚ್ಚುತ್ತಿದ್ದದ್ದು ಇದರ ನಂತರದ ಹೆಜ್ಜೆಗೆ. 1,20,000ವನ್ನು 24 ತಿಂಗಳಿಗೆ ಹಂಚಿದರೆ ತಿಂಗಳಿಗೆ 5,000. ಜಾಣರ ಕೈಗೆ ಉಳಿದದ್ದು 19,000. ಡಿಗ್ರಿಯ ಮಾತೇ ಇಲ್ಲದಿದ್ದಾಗ ಅವರಿಗೂ 20,000 ಸಿಗುತ್ತಿತ್ತು! ಇಬ್ಬರಿಗೂ ನಷ್ಟ. ಆದರೂ ಒಬ್ಬಂಟಿಯಾಗಿ ಹೊರಗೆ ಬರಲು ಆಗುವುದಿಲ್ಲ. ಬಂದವರನ್ನು 16,000ದವರು ಅಂತಲೇ ಓದುತ್ತಾರೆ. ನಿಮ್ಮ ತಂಗಿ ನಿಂತಿರುವುದು ಅಲ್ಲೇ.

ಕುಶಾಲನಗರದಿಂದ, ಕ್ಯೂರಿಂಗ್ ಕೆಲಸದಲ್ಲಿರುವ ಹುಡುಗ

ಸರ್, ಹಾಗಾದರೆ ನಾನು ಹೇಳುತ್ತಿದ್ದದ್ದೇ ಸರಿ ಆಯ್ತಲ್ವಾ. ಡಿಗ್ರಿ ಬರೀ ಕಾಗದ. ಕಾಲೇಜು ಏನೂ ಕಲಿಸುವುದಿಲ್ಲ. ಮೂರು ವರ್ಷ ವೇಸ್ಟ್.

ನಿವೃತ್ತ ಉಪನ್ಯಾಸಕ

ಅರ್ಧ ಸರಿ. ಏನೂ ಕಲಿಸದಿದ್ದರೂ ಡಿಗ್ರಿಗೆ ಬೆಲೆ ಇರಬಹುದು ಅಂದೆ. ಏನೂ ಕಲಿಸುವುದಿಲ್ಲ ಅನ್ನಲಿಲ್ಲ. ನಮ್ಮ ಹುಡುಗಿ ಜರ್ನಲ್ ಎಂಟ್ರಿ ಎಲ್ಲಿ ಕಲಿತಳು? ಕಾಲೇಜಿನಲ್ಲೇ ಅಲ್ವಾ. ಎರಡನ್ನೂ ಬೇರೆ ಮಾಡಿ ಅಳೆಯುವುದೇ ಕಷ್ಟ.

ಅಮೆರಿಕದಲ್ಲಿ ಇಬ್ಬರು ಸಂಶೋಧಕರು 1987ರಲ್ಲಿ ಓದಿದ ವರ್ಷಕ್ಕೂ ಸಂಪಾದನೆಗೂ ಇರುವ ಸಂಬಂಧ ನೋಡಿದರು. ಪದವಿ ಮುಗಿಯುವ ವರ್ಷದಲ್ಲಿ ಸಂಪಾದನೆ ಉಳಿದ ವರ್ಷಗಳಿಗಿಂತ ಜಾಸ್ತಿ ಜಿಗಿಯುತ್ತಿತ್ತು. ಕೊನೆಯ ವರ್ಷದಲ್ಲಿ ಪಾಠ ಏನೂ ಜಾಸ್ತಿ ಇರುವುದಿಲ್ಲವಲ್ಲ, ಹಾಗಾಗಿ ಅದು ಕಾಗದದ ಬೆಲೆ ಎಂದರು. ನೀವು ಕೇಳಿದ ಎರಡು ಪೇಪರ್‌ನ ಬೆಲೆ ಇದೇ.

ಆದರೆ ಮುಗಿಸುವವರೂ ಬಿಡುವವರೂ ಮೊದಲಿನಿಂದಲೇ ಬೇರೆ ಬೇರೆ ಸ್ವಭಾವದವರಾಗಿದ್ದರೆ? ಅದಕ್ಕೇ ಇನ್ನಿಬ್ಬರು ಟೆಕ್ಸಾಸ್‌ನಲ್ಲಿ ಹೈಸ್ಕೂಲಿನ ಕಡ್ಡಾಯ ಪರೀಕ್ಷೆಯ ಕೊನೆಯ ಅವಕಾಶದಲ್ಲಿ ಕೂದಲೆಳೆಯಲ್ಲಿ ಪಾಸಾದವರನ್ನೂ ಕೂದಲೆಳೆಯಲ್ಲಿ ಫೇಲಾದವರನ್ನೂ ಹೋಲಿಸಿದರು. ಅದು ಪ್ರಕಟವಾದದ್ದು 2014ರಲ್ಲಿ. ಇಬ್ಬರ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು 2000ದಲ್ಲಿ ಶಾಲೆ ಬಿಟ್ಟವರು ಬರೆಯುವ ಜಿಇಡಿ ಪರೀಕ್ಷೆಯ ಮೇಲೆ ಇಂಥದೇ ಹೋಲಿಕೆ ಮಾಡಿದ್ದರು. ಅಲ್ಲಿ ಬಿಳಿಯ ಯುವಕರಿಗೆ ಶೇ 10ರಿಂದ 19ರಷ್ಟು ಲಾಭ ಕಂಡಿತ್ತು, ಉಳಿದವರಿಗೆ ಸ್ಪಷ್ಟ ಲಾಭ ಕಾಣಲಿಲ್ಲ. ಅಂದರೆ ಜಗಳ ಮುಗಿದಿಲ್ಲ.

ಮಡಿಕೇರಿಯಿಂದ, ನೇಮಕಾತಿ ನೋಡುವವರು

ಟೆಕ್ಸಾಸ್ ಹೇಗೋ ಗೊತ್ತಿಲ್ಲ ಸರ್. ನನ್ನ ಕಟ್ಟಿನಲ್ಲಿ ವ್ಯತ್ಯಾಸ ಕಾಣುತ್ತದೆ. ಹೇಗಿದ್ದರೂ ಡಿಗ್ರಿ ಮಾಡಿದವರಿಗೆ ಶಿಸ್ತು ಜಾಸ್ತಿ ಇರುತ್ತದೆ.

ನಿವೃತ್ತ ಉಪನ್ಯಾಸಕ

ಡಿಗ್ರಿ ಇಲ್ಲದವರನ್ನು ನೀವು ಕರೆದೇ ಇಲ್ಲವಲ್ಲ ಮೇಡಂ, ಅವರ ಶಿಸ್ತು ನಿಮಗೆ ಹೇಗೆ ಗೊತ್ತಾಯಿತು? ಈ ಪದ್ಧತಿಯ ದೊಡ್ಡ ಊನ ಇದೇ. ತಪ್ಪು ಅಂದಾಜನ್ನು ತಿದ್ದುವ ಅವಕಾಶವೇ ಬರುವುದಿಲ್ಲ.

ಸೋಮವಾರಪೇಟೆಯಿಂದ, ಸಹಕಾರಿ ಸಂಘದ ಉದ್ಯೋಗಿ

ನಾನು ಮದುವೆಯಾಗಿ ಆರು ವರ್ಷದ ಮೇಲೆ ಬಾಕಿ ಪೇಪರ್ ಮುಗಿಸಿದವಳು. ಲೆಕ್ಕದ ಜ್ಞಾನ ಒಂದಿಂಚೂ ಹೆಚ್ಚಲಿಲ್ಲ. ಆದರೆ ಸಂದರ್ಶನದ ಕರೆ ಬರಲು ಶುರುವಾಯಿತು. ಕೆಲಸ ಸಿಕ್ಕಿ ವರ್ಷ ಎರಡಾದ ಮೇಲೆ ನನ್ನ ಡಿಗ್ರಿಯನ್ನು ಯಾರೂ ಕೇಳಿಲ್ಲ, ಆಡಿಟ್‌ನಲ್ಲಿ ಎಷ್ಟು ಆಕ್ಷೇಪಣೆ ಬಂತು ಅಂತಷ್ಟೇ ನೋಡುತ್ತಾರೆ.

ಒಂದು ಎಚ್ಚರಿಕೆ. 2023ರಲ್ಲಿ ಕೊಡಗು ವಿಶ್ವವಿದ್ಯಾಲಯ ಶುರುವಾಗುವ ಮೊದಲು ಇಲ್ಲಿನ ಕಾಲೇಜುಗಳು ಮಂಗಳೂರು ವಿಶ್ವವಿದ್ಯಾಲಯದ ಕೆಳಗೆ ಇದ್ದವು. ತಂಗಿ ಯಾವುದರಲ್ಲಿ ನೋಂದಣಿ ಆಗಿದ್ದಾಳೆ ನೋಡಿ. ಬಾಕಿ ಪೇಪರ್ ಬರೆಯಲು ಎಷ್ಟು ವರ್ಷ ಅವಕಾಶ, ಹಳೆ ಸಿಲೆಬಸ್ ಇದೆಯಾ ಅಂತ ಕಾಲೇಜು ಆಫೀಸಿನಲ್ಲಿ ಬರವಣಿಗೆಯಲ್ಲೇ ಕೇಳಿ. ನನಗೆ ಬಾಯಿಮಾತಿನಲ್ಲಿ ಹೇಳಿದ್ದು ತಪ್ಪಾಗಿತ್ತು. ಒಂದು ಪರೀಕ್ಷೆ ಹೋಯಿತು.

ನಿವೃತ್ತ ಉಪನ್ಯಾಸಕ

ಇವರು ಹೇಳಿದ್ದು ಸರಿ. ಕೆಲಸ ಕಣ್ಣಿಗೆ ಬೀಳುತ್ತಾ ಹೋದ ಹಾಗೆ ಡಿಗ್ರಿಯ ತೂಕ ಇಳಿಯುತ್ತದೆ. ಆದರೆ ಯಾರ ಕಣ್ಣಿಗೆ? ತಂಗಿಯ ಕೆಲಸ ನೋಡಿದ್ದು ಗೋಣಿಕೊಪ್ಪದ ವ್ಯಾಪಾರಿ ಒಬ್ಬರೇ. ಹೊರಗಿನವರಿಗೆ ಅವಳು ಈಗಲೂ ತೆರೆಯದ ಚೀಲ. ಇದು ಆ ವ್ಯಾಪಾರಿಗೂ ಅನುಕೂಲವೇ. ಬೇರೆ ಯಾರೂ ಕರೆಯುವುದಿಲ್ಲ ಅಂತ ಗೊತ್ತಿದ್ದರೆ ಸಂಬಳ ಏರಿಸುವ ಅವಸರ ಏನಿದೆ?

ಪೇಪರ್ ಮುಗಿಯುವವರೆಗೆ ಒಂದು ಪತ್ರ ಕೇಳಲಿ. ಪ್ರಾಮಾಣಿಕಳು, ಶ್ರಮಜೀವಿ ಅಂತ ಬರೆದ ಪತ್ರ ಯಾವ ಕೆಲಸಕ್ಕೂ ಬರುವುದಿಲ್ಲ, ಎಂಥವರಿಗೂ ಹಾಗೆ ಬರೆದುಕೊಡುತ್ತಾರೆ. ಇಷ್ಟು ತಿಂಗಳ ಜಿಎಸ್‌ಟಿ ರಿಟರ್ನ್ ಇವಳೇ ತಯಾರಿಸಿದ್ದು, ತಡವಾದ ದಂಡ ಇಷ್ಟು ಅಥವಾ ಇಲ್ಲ, ಬೇಕಾದರೆ ನನಗೆ ಫೋನ್ ಮಾಡಿ ಎಂದಿರಲಿ. ಸುಳ್ಳಾದರೆ ವ್ಯಾಪಾರಿಯ ಹೆಸರೇ ಕೆಡುತ್ತದೆ. ಅದಕ್ಕೇ ಅಂಥ ಪತ್ರವನ್ನು ನಂಬಬಹುದು.

ವಿರಾಜಪೇಟೆಯಿಂದ, ಪ್ರಶ್ನೆ ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಎರಡು ವರ್ಷದಲ್ಲಿ ಸಂಬಳ ಏರಿದ್ದು ಒಂದೇ ಸಲ, ಅದೂ 500 ರೂಪಾಯಿ. ಪೇಪರ್ ಬಾಕಿ ಉಳಿದದ್ದು ಅಪ್ಪ ಆಸ್ಪತ್ರೆಯಲ್ಲಿದ್ದಾಗ. ಮೂರು ವರ್ಷದ ಖರ್ಚು ಹೇಗೂ ಆಗಿಹೋಗಿದೆ, ಉಳಿದಿರುವುದು ಪರೀಕ್ಷೆ ಫೀಸು ಮತ್ತು ಕೆಲವು ತಿಂಗಳ ಓದು. ಬರೆಯುತ್ತಾಳೆ. ತೋಟದ ಸಾಹುಕಾರರೇ, ಅವಳಿಗೆ ಜಿಗಣೆ ಅಂದರೆ ಆಗುವುದಿಲ್ಲ, ಕ್ಷಮಿಸಿ.

ಈಗ ಅವಳ ತಲೆಬಿಸಿ ಬೇರೆ. ಒಂದು ಪೇಪರ್‌ನ ಪರೀಕ್ಷೆ ಜನವರಿ ಸುಮಾರಿಗೆ ಬರಬಹುದು. ಆಗ ರೋಬಸ್ಟಾ ಸೀಸನ್, ಅಂಗಡಿಯಲ್ಲಿ ತಲೆ ಎತ್ತಲು ಬಿಡುವಿಲ್ಲ. ಪರೀಕ್ಷೆಗೆ ರಜೆ ಕೇಳಿದರೆ ಬೇರೆ ಕೆಲಸ ಹುಡುಕುತ್ತಿದ್ದಾಳೆ ಅಂತ ವ್ಯಾಪಾರಿಗೆ ಗೊತ್ತಾಗುತ್ತದೆ, ಆಮೇಲೆ ಪತ್ರ ಕೊಡುತ್ತಾರಾ ಅಂತ ಕೇಳುತ್ತಿದ್ದಾಳೆ.

ಸೋಮವಾರಪೇಟೆಯಿಂದ

ಪತ್ರ ಮೊದಲು, ರಜೆ ಆಮೇಲೆ. ಸೀಸನ್ ಶುರುವಾಗುವ ಮೊದಲೇ ಕೇಳಲಿ.