ಕಾರಿನ ಪರದೆ 7.2 ಅಂತಿದೆ, ಲೀಟರಿಗೆ ಎಷ್ಟು ಕೊಡ್ತಿದೆ ಅಂತ ತಿಳಿಯೋದು ಹೇಗೆ?

ಕೇಳಿದವರು, ಶಿವಮೊಗ್ಗ

ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡೆವು. ಲೀಟರಿಗೆ ಹದಿನೈದು ಕೊಡುತ್ತೆ ಅಂತ ಮಾರಿದವರು ಹೇಳಿದ್ದರು. ಪರದೆಯಲ್ಲಿ ನೋಡಿದರೆ 7.2 ಅಂತ ಬರ್ತಿದೆ, ಪಕ್ಕದಲ್ಲಿ L/100km ಅಂತ ಬರೆದಿದೆ. ಮೋಸ ಹೋದೆವು ಅಂತ ನಮ್ಮನೆಯವರು ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಇದನ್ನು ನಮ್ಮ ಲೆಕ್ಕಕ್ಕೆ ತಿರುಗಿಸೋದು ಹೇಗೆ? ಅನುಭವ ಇರುವವರು ದಯವಿಟ್ಟು ಹೇಳಿ.

ಟ್ಯಾಕ್ಸಿ ಓಡಿಸೋನು, ತುಮಕೂರು

ಅಕ್ಕಾ, ಏನೂ ಮೋಸ ಆಗಿಲ್ಲ. ನೂರನ್ನು ಆ ಅಂಕಿಯಿಂದ ಭಾಗಿಸಿ. 100 ಭಾಗಿಸು 7.2 ಅಂದರೆ 13.9. ಲೀಟರಿಗೆ ಹದಿನಾಲ್ಕರ ಹತ್ತಿರ. ಊರೊಳಗೆ ಜಾಸ್ತಿ ಓಡಿಸ್ತಿದ್ದರೆ ಪೆಟ್ರೋಲ್ ಗಾಡಿಗೆ ಇದು ಚೆನ್ನಾಗೇ ಇದೆ. ಅಣ್ಣಂಗೆ ಕಾಫಿ ಕೊಟ್ಟು ಸಮಾಧಾನ ಮಾಡಿ.

ಹಳೇ ಗಾಡಿ ಪ್ರೇಮಿ, ದಾವಣಗೆರೆ

ಇಷ್ಟಕ್ಕೆಲ್ಲಾ ಮೊಬೈಲ್ ತೆಗೆದು ಭಾಗಾಕಾರ ಮಾಡೋದು ಯಾಕೆ? ನನ್ನ ಲೆಕ್ಕ ಸುಲಭ. 7 ಅಂದರೆ 14 ಅಂತ ಒಂದನ್ನು ನೆನಪಿಟ್ಟುಕೊಳ್ಳಿ. ಪರದೆಯಲ್ಲಿ ಒಂದು ಏರಿದರೆ ಮೈಲೇಜ್ ಎರಡು ಇಳಿಯುತ್ತೆ, ಒಂದು ಇಳಿದರೆ ಎರಡು ಏರುತ್ತೆ. 8ಕ್ಕೆ 12, 6ಕ್ಕೆ 16. ಮೂರು ವರ್ಷದಿಂದ ಹೀಗೇ ನೋಡ್ತಿದ್ದೀನಿ, ತಪ್ಪಿಲ್ಲ.

ಟ್ರಾವೆಲ್ಸ್‌ನಲ್ಲಿ ಲೆಕ್ಕ ಬರೆಯೋನು, ಹುಬ್ಬಳ್ಳಿ

ದಾವಣಗೆರೆ ಸರ್, ನಿಮ್ಮ ಗಾಡಿ ಆರರಿಂದ ಎಂಟರ ಒಳಗೇ ಓಡ್ತಿರೋದರಿಂದ ತಪ್ಪು ಕಂಡಿಲ್ಲ ಅಷ್ಟೇ. ಸರಿಯಾಗಿ ಭಾಗಿಸಿದರೆ 6ಕ್ಕೆ 16.7, 7ಕ್ಕೆ 14.3, 8ಕ್ಕೆ 12.5. ನಿಮ್ಮ ಲೆಕ್ಕಕ್ಕೆ ಹತ್ತಿರವೇ. ಸ್ವಲ್ಪ ಆಚೆ ಹೋಗಿ ನೋಡಿ. ನಿಮ್ಮ ಪ್ರಕಾರ 4ಕ್ಕೆ 20 ಆಗಬೇಕು, ನಿಜವಾಗಿ 25. ಆ ಕಡೆ 12ಕ್ಕೆ ನಿಮ್ಮ ಪ್ರಕಾರ 4 ಬರುತ್ತೆ. ಲೀಟರಿಗೆ ನಾಲ್ಕು ಕೊಡೋದು ಕಾರಲ್ಲ, ಲಾರಿ. ನಿಜವಾದ ಉತ್ತರ 8.3. ಒಂದು ಅಂಕಿ ಏರಿದರೆ ಇಷ್ಟು ಇಳಿಯುತ್ತೆ ಅಂತ ಎಲ್ಲ ಕಡೆ ನಡೆಯುವ ಒಂದು ಸಂಖ್ಯೆ ಇಲ್ಲ. ಕಡಿಮೆ ಕುಡಿಯುವ ಗಾಡಿಯಲ್ಲಿ ಮೈಲೇಜ್ ದೊಡ್ಡ ಹೆಜ್ಜೆ ಇಡುತ್ತೆ, ಜಾಸ್ತಿ ಕುಡಿಯುವ ಗಾಡಿಯಲ್ಲಿ ಚಿಕ್ಕ ಹೆಜ್ಜೆ.

ಮೇಡಂ, ಒಂದೇ ಅಂಕಿ ತಿರುಗಿಸೋದಕ್ಕೆ ತುಮಕೂರಿನವರು ಹೇಳಿದ್ದು ಸಾಕು. ತಪ್ಪಾಗೋದು ಎರಡು ಮೂರು ಅಂಕಿ ಸೇರಿಸಿ ಸರಾಸರಿ ತೆಗೆಯುವಾಗ. ಇದರಿಂದ ನಮ್ಮಲ್ಲಿ ಒಬ್ಬ ಡ್ರೈವರ್ ಕಳ್ಳ ಅನ್ನಿಸಿಕೊಳ್ಳೋದು ಸ್ವಲ್ಪದರಲ್ಲಿ ತಪ್ಪಿತು. ಅದನ್ನು ಹೇಳ್ತೀನಿ.

ಆಗ ನಾನಿದ್ದ ಕಡೆ ಒಂದು ಗಾಡಿ ವಾರದಲ್ಲಿ 400 ಕಿಲೋಮೀಟರ್ ಓಡಿತ್ತು. 300 ಹೈವೇಯಲ್ಲಿ, ಪರದೆ 5.0 ತೋರಿಸಿತ್ತು. 100 ಊರೊಳಗೆ, ಅಲ್ಲಿ 10.0. ಯಜಮಾನರು ಎರಡನ್ನೂ ತಿರುಗಿಸಿದರು. ಹೈವೇಯಲ್ಲಿ ಲೀಟರಿಗೆ 20, ಊರಲ್ಲಿ 10. ಇಲ್ಲಿವರೆಗೆ ಸರಿ. ಆಮೇಲೆ ಬುದ್ಧಿವಂತಿಕೆ ಮಾಡಿದರು. ಹೈವೇ ಓಟ ಮೂರು ಪಾಲು, ಊರಿನದು ಒಂದು ಪಾಲು ಅಂತ ತೂಕ ಹಾಕಿ ಸರಾಸರಿ 17.5 ಅಂದರು. 400ನ್ನು 17.5ರಿಂದ ಭಾಗಿಸಿದರೆ 23 ಲೀಟರೂ ಆಗೋದಿಲ್ಲ. ಬಂಕಿನ ಬಿಲ್ಲು 25 ಲೀಟರಿಗಿತ್ತು. "ಉಳಿದ ಎರಡು ಲೀಟರ್ ಎಲ್ಲಿ ಹೋಯ್ತು?" ಅಂತ ಡ್ರೈವರ್‌ನನ್ನು ನಿಲ್ಲಿಸಿಕೊಂಡು ಕೇಳಿದರು. ಆ ಮನುಷ್ಯ ತಾಳಿಕೊಂಡು, "ಸರ್, ಹೈವೇಗೆ ಹದಿನೈದು, ಊರಿಗೆ ಹತ್ತು, ಒಟ್ಟು ಇಪ್ಪತ್ತೈದೇ ಅಲ್ವಾ?" ಅಂದ. ಯಜಮಾನರ ಹತ್ತಿರ ಉತ್ತರ ಇರಲಿಲ್ಲ.

ಡ್ರೈವರ್ ಹೇಳಿದ್ದೇ ಸರಿ. 400 ಕಿಲೋಮೀಟರಿಗೆ 25 ಲೀಟರ್, ಅಂದರೆ ಲೀಟರಿಗೆ 16. ಲೀಟರಿಗೆ ಇಷ್ಟು ಕಿಲೋಮೀಟರ್ ಅನ್ನುವ ಅಂಕಿಗಳನ್ನು ಓಡಿದ ದೂರದ ಮೇಲೆ ತೂಕ ಹಾಕಬಾರದು, ಸುಟ್ಟ ಲೀಟರಿನ ಮೇಲೆ ಹಾಕಬೇಕು. L/100km ಅಂಕಿಗಾದರೆ ದೂರದ ತೂಕ ಸರಿಹೋಗುತ್ತೆ: ಮೂರು ಪಾಲು 5, ಒಂದು ಪಾಲು 10, ಸರಾಸರಿ 6.25. ನೂರನ್ನು 6.25ರಿಂದ ಭಾಗಿಸಿ, ಅದೇ 16 ಬರುತ್ತೆ. ಅದಕ್ಕೇ ಮೊದಲು ಸರಾಸರಿ ತೆಗೆದು ಕೊನೆಗೆ ಒಂದೇ ಸಲ ತಿರುಗಿಸಿ. ತಿರುಗಿಸಿ ಆಮೇಲೆ ಸರಾಸರಿ ತೆಗೆದರೆ ಗಾಡಿ ಇರೋದಕ್ಕಿಂತ ಚೆನ್ನಾಗಿ ಕಾಣುತ್ತೆ.

ಈಗ ನಾನು ಶೀಟಿನಲ್ಲಿ B ಸಾಲಿಗೆ ಕಿಲೋಮೀಟರ್, C ಸಾಲಿಗೆ ಬಂಕಿನ ಲೀಟರ್ ಬರೀತೀನಿ. ಪರದೆಯ ಅಂಕಿ ಬರೆಯೋದೇ ಇಲ್ಲ. ಕೊನೆಗೆ ಇಷ್ಟೇ:

```
=SUM(B2:B40)/SUM(C2:C40)
```

ಸಿಎನ್‌ಜಿ ಗಾಡಿಯವ, ಬೆಳಗಾವಿ

ನನ್ನದು ಕೆಜಿಗೆ 24 ಬರ್ತಿದೆ. ಅದಕ್ಕಿಂತ ಕಡಿಮೆ ಬಂದರೆ ಏರ್ ಫಿಲ್ಟರ್ ನೋಡಿಸಿ, ಟೈರ್ ಗಾಳಿ ನೋಡಿಸಿ. ಮೇಡಂ ಕಾರಿನ 7.2 ತುಂಬಾ ಕಡಿಮೆ ಆಯ್ತು, ಇಂಜಿನ್ ತೋರಿಸೋದು ಒಳ್ಳೇದು.

ಟ್ಯಾಕ್ಸಿ ಓಡಿಸೋನು, ತುಮಕೂರು

ಅಣ್ಣಾ, ಮೇಲಿಂದ ಓದಿ. 7.2 ಅನ್ನೋದು ಮೈಲೇಜ್ ಅಲ್ಲ, ನೂರು ಕಿಲೋಮೀಟರಿಗೆ ಸುಟ್ಟ ಪೆಟ್ರೋಲು. ಕಡಿಮೆ ಇದ್ದಷ್ಟೂ ಒಳ್ಳೇದು. ನಿಮ್ಮದು ಕೆಜಿ ಲೆಕ್ಕ, ಅದನ್ನು ಲೀಟರ್ ಜೊತೆ ಇಟ್ಟು ತೂಗೋದಕ್ಕೆ ಆಗಲ್ಲ.

ಮೈಸೂರಿನವಳು, ಈಗ ಮೆಲ್ಬರ್ನ್

ನಾನು ಇಲ್ಲಿಗೆ ಬಂದ ಮೊದಲ ವರ್ಷ ಇದೇ ಕತೆ. ಆಸ್ಟ್ರೇಲಿಯಾದಲ್ಲಿ ಹೊಸ ಕಾರಿನ ಗಾಜಿಗೆ ಅಂಟಿಸಿದ ಚೀಟಿಯಲ್ಲೂ L/100km ಅಂತಲೇ ಇರುತ್ತೆ. ಅಪ್ಪನಿಗೆ ಫೋನಲ್ಲಿ "8 ಬರುತ್ತಪ್ಪಾ" ಅಂದಿದ್ದಕ್ಕೆ, "ಅಂಥಾ ಗಾಡಿ ಯಾಕೆ ತಗೊಂಡೆ ಮಗಳೇ?" ಅಂದುಬಿಟ್ಟರು.

ಈಗ ನನಗೆ ಇಲ್ಲಿನ ಪದ್ಧತಿಯೇ ಹಿತ. ಸಿಡ್ನಿಗೆ ಸುಮಾರು 880 ಕಿಲೋಮೀಟರ್. ನನ್ನ ಕಾರು 7 ಕುಡಿಯುತ್ತೆ. 8.8ನ್ನು 7ರಿಂದ ಗುಣಿಸಿದರೆ 61.6 ಲೀಟರ್, ಬಾಯಲ್ಲೇ ಆಗುತ್ತೆ. ಅದೇ ಲೀಟರಿಗೆ 14.3 ಅಂತ ಇಟ್ಟುಕೊಂಡರೆ 880ನ್ನು ಭಾಗಿಸುತ್ತಾ ಕೂರಬೇಕು. ಆದರೆ ಟ್ಯಾಂಕಲ್ಲಿ ಐದು ಲೀಟರ್ ಉಳಿದಿದೆ, ಮುಂದಿನ ಬಂಕ್‌ವರೆಗೆ ಮುಟ್ಟುತ್ತಾ ಅಂತ ನೋಡಬೇಕಾದರೆ ನಮ್ಮೂರ ಲೆಕ್ಕವೇ ಬೇಗ. ಐದು ಹದಿನಾಲ್ಕಲಿ ಎಪ್ಪತ್ತು, ಮುಗೀತು.

ಇಂಗ್ಲೆಂಡಿನಲ್ಲಿರೋ ತಂಗಿ ಮೈಲಿ, ಗ್ಯಾಲನ್ ಅಂತಾಳೆ. ಅಲ್ಲಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಅದನ್ನು ಇಲ್ಲಿಗೆ ಎಳೆಯೋದು ಬೇಡ, ಜಗಳ ಆಗುತ್ತೆ.

ಕೇಳಿದವರು, ಶಿವಮೊಗ್ಗ

ಎಲ್ಲರಿಗೂ ಧನ್ಯವಾದ. ಎರಡು ವಿಷಯ. ಸೆಟ್ಟಿಂಗ್‌ನಲ್ಲಿ ಹುಡುಕಿ ಪರದೆಯನ್ನು km/L ಮಾಡಿದೆವು. 13.9 ಬರಬೇಕಿತ್ತು, 13.8 ಬಂತು. ಯಾಕೆ? ಇನ್ನೊಂದು, ಭಾನುವಾರ ಉಡುಪಿಗೆ ಹೋಗುವಾಗ ಆಗುಂಬೆ ಘಾಟಿ ಇಳೀತಿದ್ದಾಗ ಮೈಲೇಜ್ 99.9 ತೋರಿಸ್ತು! ಹಳೇ ಸೆಟ್ಟಿಂಗ್‌ನಲ್ಲಿ ಅದು ಎಷ್ಟು ತೋರಿಸ್ತಿತ್ತು?

ಟ್ರಾವೆಲ್ಸ್‌ನಲ್ಲಿ ಲೆಕ್ಕ ಬರೆಯೋನು, ಹುಬ್ಬಳ್ಳಿ

ಪರದೆ ಒಂದೇ ದಶಾಂಶ ತೋರಿಸುತ್ತೆ ಮೇಡಂ. ಒಳಗೆ 7.24 ಇದ್ದರೂ ನಿಮಗೆ ಕಾಣೋದು 7.2. 7.24ನ್ನು ತಿರುಗಿಸಿದರೆ 13.8. 7.16 ಇದ್ದಿದ್ದರೆ 14.0 ಬರ್ತಿತ್ತು. ಗಾಡಿ ಬದಲಾಗಿಲ್ಲ.

ಘಾಟಿ ಇಳಿಯುವಾಗ ಗೇರಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್‌ಗೆ ಪೆಟ್ರೋಲ್ ಹೋಗೋದೇ ನಿಲ್ಲುತ್ತೆ. ಚಕ್ರವೇ ಇಂಜಿನ್ ತಿರುಗಿಸುತ್ತೆ. ಹಳೇ ಸೆಟ್ಟಿಂಗ್‌ನಲ್ಲಿ 0.0 ಅಂತ ಕಾಣ್ತಿತ್ತು. ನೂರನ್ನು ಸೊನ್ನೆಯಿಂದ ಭಾಗಿಸೋದಕ್ಕೆ ಆಗಲ್ಲ, ಅದಕ್ಕೆ ನಿಮ್ಮ ಗಾಡಿ 99.9ಕ್ಕೆ ನಿಂತಿದೆ. ಸಿಗ್ನಲ್‌ನಲ್ಲಿ ನಿಂತಾಗ ಇದು ಉಲ್ಟಾ. ಗಾಡಿ ಕದಲಿಲ್ಲ, ಪೆಟ್ರೋಲ್ ಸುಡ್ತಿದೆ, ಮೈಲೇಜ್ ಸೊನ್ನೆ. ಆಗ L/100km ಗೆ ಅಂಕಿಯೇ ಸಿಗಲ್ಲ. ಎಷ್ಟೋ ಗಾಡಿಗಳು ಗಂಟೆಗೆ ಇಷ್ಟು ಲೀಟರ್ ಅಂತ ಬದಲಾಯಿಸಿಕೊಳ್ಳೋದು ಅದಕ್ಕೇ. ಆ ಅಂಕಿಯನ್ನು ಮಾತ್ರ ನೂರರಿಂದ ತಿರುಗಿಸೋಕೆ ಹೋಗಬೇಡಿ.

ಇನ್ನೊಂದು ನೋಡಿ. ಪರದೆಯ ಸರಾಸರಿ ಯಾವತ್ತಿನಿಂದ ಶುರುವಾಗಿದೆ? ನೀವು ರೀಸೆಟ್ ಮಾಡಿಲ್ಲದಿದ್ದರೆ ಅದರಲ್ಲಿ ಹಳೇ ಓನರ್ ಓಡಿಸಿದ್ದೂ ಸೇರಿರಬಹುದು. ಟ್ಯಾಂಕ್ ಫುಲ್ ಮಾಡಿಸಿ, ನಾಝಲ್ ಮೊದಲ ಸಲ ಟಕ್ ಅಂದಾಗ ನಿಲ್ಲಿಸಿ, ಟ್ರಿಪ್ ಸೊನ್ನೆ ಮಾಡಿ. ಖಾಲಿಯಾಗ್ತಾ ಬಂದಾಗ ಅದೇ ಬಂಕು, ಅದೇ ಪಂಪು, ಮತ್ತೆ ಮೊದಲ ಟಕ್‌ಗೆ ನಿಲ್ಲಿಸಿ. ಬಾಯಿವರೆಗೆ ತುಂಬಿಸಿದರೆ ಲೆಕ್ಕ ಕೆಡುತ್ತೆ.

ಹಳೇ ಗಾಡಿ ಪ್ರೇಮಿ, ದಾವಣಗೆರೆ

4ಕ್ಕೆ 25 ಅನ್ನೋದು ಒಪ್ಪಿದೆ. ಆದರೆ ಪರದೆ ಯಾವಾಗಲೂ ಜಾಸ್ತಿ ಹೇಳುತ್ತೆ ಸ್ವಾಮಿ, ಎಷ್ಟು ಟಕ್ ಅನ್ನಿಸಿದರೂ. ನನ್ನದು ಪ್ರತಿ ಸಲ ಒಂದು ಕಿಲೋಮೀಟರ್ ಹಿಗ್ಗಿಸಿ ಹೇಳುತ್ತೆ.

ಟ್ಯಾಕ್ಸಿ ಓಡಿಸೋನು, ತುಮಕೂರು

ನನ್ನ ಗಾಡಿಯಲ್ಲಿ ಉಲ್ಟಾ ಇದೆ. ಪರದೆ ಕಡಿಮೆ ಹೇಳುತ್ತೆ, ಬಂಕಿನ ಲೆಕ್ಕದಲ್ಲಿ ಜಾಸ್ತಿ ಬರುತ್ತೆ. ಟೈರ್ ಹೊಸದಾಗಿ ಹಾಕಿಸಿದ ಮೇಲೆ ಹಾಗಾಯ್ತು.

ಹಳೇ ಗಾಡಿ ಪ್ರೇಮಿ, ದಾವಣಗೆರೆ

ಟೈರಿಂದಾದರೆ ಕಿಲೋಮೀಟರ್ ಮೀಟರೇ ಬದಲಾಗಬೇಕು. ಆಗ ಬಂಕಿನ ಲೆಕ್ಕವೂ ಅದರ ಜೊತೆಗೇ ಹೋಗುತ್ತೆ ಅಲ್ವಾ? ಎರಡಕ್ಕೂ ಅದೇ ಕಿಲೋಮೀಟರ್ ತಾನೇ?

ಟ್ಯಾಕ್ಸಿ ಓಡಿಸೋನು, ತುಮಕೂರು

ಅದೂ ಹೌದು. ಹಾಗಾದರೆ ಯಾಕೋ ಗೊತ್ತಿಲ್ಲ ಗುರುವೇ.

ಕೇಳಿದವರು, ಶಿವಮೊಗ್ಗ

ಹನ್ನೆರಡು ದಿನ ಆದ ಮೇಲೆ ಬರೀತಿದ್ದೀನಿ. ಟಕ್‌ನಿಂದ ಟಕ್‌ಗೆ ಮಾಡಿದೆವು. 472 ಕಿಲೋಮೀಟರ್, 35.1 ಲೀಟರ್. ಲೀಟರಿಗೆ 13.4 ಬಂತು. ಅಷ್ಟೇ ಓಟಕ್ಕೆ ಪರದೆ 13.9 ಅಂದಿತ್ತು. ನಮ್ಮ ಗಾಡಿ ದಾವಣಗೆರೆ ಸರ್ ಕಡೆಯದು, ಅರ್ಧ ಕಿಲೋಮೀಟರ್ ಹಿಗ್ಗಿಸಿದೆ.

ಮಾರಿದವರ 15 ಇನ್ನೂ ದೂರವೇ. ನಾವು ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸ್ತೀವಿ. 15 ಕೊಟ್ಟಿದ್ದರೆ 67 ಲೀಟರ್ ಸಾಕಿತ್ತು, ಈಗ 74ರ ಮೇಲೆ ಬೇಕು. ಏಳು ಎಂಟು ಲೀಟರ್ ವ್ಯತ್ಯಾಸ. ನಮ್ಮನೆಯವರು ಆ ದುಡ್ಡನ್ನು ಮಾರಿದವರ ಹತ್ತಿರ ಕೇಳ್ತೀನಿ ಅಂತಿದ್ದಾರೆ. ಘಾಟಿ ಹತ್ತಿದ್ದೂ ಇದರಲ್ಲಿ ಸೇರಿದೆ, ಇನ್ನೊಂದು ಟ್ಯಾಂಕ್ ನೋಡೋಣ ಅಂತ ನಾನು.