ಪದ ಬೇಕು: ಆಲ್ಟ್ ಟೆಕ್ಸ್ಟ್, ರೀಡಿಂಗ್ ಆರ್ಡರ್ (ನಾಳೆ ಮಧ್ಯಾಹ್ನದೊಳಗೆ)

ಸ. ಹೆ., ಧಾರವಾಡ

ಎಲ್ಲರಿಗೂ ನಮಸ್ಕಾರ. ಕಣ್ಣು ಕಾಣದ, ಮಂದದೃಷ್ಟಿಯ ವಿದ್ಯಾರ್ಥಿಗಳಿಗೂ ದಕ್ಕುವಂತೆ ಪಾಠದ ಸ್ಲೈಡುಗಳನ್ನು ಸರಿಪಡಿಸುವುದು ಹೇಗೆ ಎಂದು ಕಾಲೇಜು ಅಧ್ಯಾಪಕರಿಗೆ ತಿಳಿಸುವ ಒಂದು ಪುಟವನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಮಧ್ಯಾಹ್ನ ಅಚ್ಚಿಗೆ ಹೋಗಬೇಕು. ಎರಡು ಕಡೆ ಸಿಕ್ಕಿಕೊಂಡಿದ್ದೇನೆ:

"ಪ್ರತಿ ಚಿತ್ರಕ್ಕೂ ____ ಬರೆಯಿರಿ. ನಂತರ ಸ್ಲೈಡಿನ ____ ಪರೀಕ್ಷಿಸಿ."

ಸದ್ಯಕ್ಕೆ "ಪರ್ಯಾಯ ಪಠ್ಯ", "ಓದುವ ಕ್ರಮ" ಎಂದು ಇಟ್ಟಿದ್ದೇನೆ. ಎರಡೂ ಮನಸ್ಸಿಗೆ ಬರುತ್ತಿಲ್ಲ. ಕಾಂಟ್ರಾಸ್ಟಿಗೆ "ಬಣ್ಣದ ಅಂತರ" ಎಂದಿದ್ದೇನೆ, ಅದರಲ್ಲಿ ತೊಂದರೆ ಇಲ್ಲವೆಂದುಕೊಂಡಿದ್ದೇನೆ.

ಕೆ. ವಿ., ತುಮಕೂರು

ಇದಕ್ಕೆ ಚರ್ಚೆ ಯಾಕೆ? ಪತ್ರಿಕೆಗಳಲ್ಲಿ ಚಿತ್ರದ ಕೆಳಗೆ ಹಾಕುವುದನ್ನು "ಅಡಿಬರಹ" ಎನ್ನುತ್ತೇವೆ. ಅದನ್ನೇ ಬಳಸಿ.

ಮ. ನಾ., ಮೈಸೂರು

ಅಡಿಬರಹ ಬೇರೆ. ಅದನ್ನು ಕಣ್ಣಿರುವವರು ಚಿತ್ರದ ಜೊತೆಗೆ ಓದುತ್ತಾರೆ. ಇಲ್ಲಿ ಕೇಳಿರುವುದು ತೆರೆಯ ಮೇಲೆ ಕಾಣುವುದೇ ಇಲ್ಲ. ತೆರೆಯಲ್ಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶ ಚಿತ್ರದ ಬಳಿ ಬಂದಾಗ ಅದರ ಜಾಗದಲ್ಲಿ ಹೇಳುವ ಮಾತು ಅದು.

ಸ. ಹೆ. ಅವರೇ, "ಪರ್ಯಾಯ ಪಠ್ಯ" ಖಂಡಿತ ಬೇಡ. ಕಾಲೇಜಿನಲ್ಲಿ "ಪಠ್ಯ" ಎಂದರೆ ಸಿಲೆಬಸ್ಸು, ಪಠ್ಯಪುಸ್ತಕ. "ಪ್ರತಿ ಚಿತ್ರಕ್ಕೂ ಪರ್ಯಾಯ ಪಠ್ಯ" ಎಂದು ಓದಿದ ಅಧ್ಯಾಪಕರು ಬೇರೆ ಪುಸ್ತಕ ಹುಡುಕಬೇಕೋ ಎಂದುಕೊಳ್ಳುತ್ತಾರೆ. ಪದ ಆರಿಸುವಾಗ, ಆ ಪೆಟ್ಟಿಗೆಯಲ್ಲಿ ಏನು ತುಂಬಬೇಕು ಎಂಬುದೂ ಪದದಿಂದಲೇ ಹೊಳೆಯಬೇಕು. ಭೂಗೋಳದ ಒಂದು ಸ್ಲೈಡು ತೆಗೆದುಕೊಳ್ಳಿ: ಎಡಕ್ಕೆ ಅರಬ್ಬಿ ಸಮುದ್ರ, ನಡುವೆ ಪಶ್ಚಿಮ ಘಟ್ಟ, ಬಲಕ್ಕೆ ಬಯಲುಸೀಮೆ, ಮೇಲೆ ಗಾಳಿಯ ಬಾಣಗಳು. ಇದಕ್ಕೆ "ಮಳೆಯ ಚಿತ್ರ" ಎಂದು ಬರೆದರೆ ಕೇಳುವವರಿಗೆ ಏನೂ ಸಿಗಲಿಲ್ಲ. ಬರೆಯಬೇಕಾದ್ದು ಇದು:

"ಸಮುದ್ರದ ತೇವದ ಗಾಳಿ ಘಟ್ಟಕ್ಕೆ ತಡೆದು ಮೇಲೇರಿ, ತಣ್ಣಗಾಗಿ, ಪಶ್ಚಿಮದ ಇಳಿಜಾರಿನಲ್ಲಿ ಮಳೆ ಸುರಿಸುತ್ತದೆ. ಪೂರ್ವಕ್ಕೆ ಇಳಿಯುವ ಗಾಳಿ ಒಣಗಿರುವುದರಿಂದ ಬಯಲುಸೀಮೆಗೆ ಮಳೆ ಕಡಿಮೆ."

ಎರಡೇ ವಾಕ್ಯ. ಬೆಟ್ಟದ ಹಸಿರು, ಮೋಡದ ಆಕಾರ ಇಲ್ಲಿ ಬೇಡ, ಪಾಠಕ್ಕೆ ಅವು ಲೆಕ್ಕಕ್ಕಿಲ್ಲ. "ಇದು ಒಂದು ಚಿತ್ರ" ಎಂದು ಶುರು ಮಾಡುವುದೂ ಬೇಡ. ಚಿತ್ರವೆಂಬುದನ್ನು ಸ್ಕ್ರೀನ್ ರೀಡರೇ ಹೇಳುತ್ತದೆ. ಹಾಗಾಗಿ ನನ್ನ ಸಲಹೆ "ಚಿತ್ರವಿವರ".

ಗಾ. ಶಿ., ಶಿವಮೊಗ್ಗ

ಮತ್ತೆ ಸಂಸ್ಕೃತವೇ? "ಬದಲಿ ಬರಹ" ಎನ್ನಿ. ಚಿತ್ರದ ಬದಲಿಗೆ ಇರುವ ಬರಹ. ಅಚ್ಚಗನ್ನಡ, ಹಳ್ಳಿಯ ಮಕ್ಕಳಿಗೂ ತಿಳಿಯುತ್ತದೆ.

ಮ. ನಾ., ಮೈಸೂರು

ತಿಳಿಯುತ್ತದೆ, ಒಪ್ಪಿದೆ. ಅಚ್ಚಗನ್ನಡ ಅಲ್ಲ. "ಬದಲ್" ಅರಬ್ಬಿ. "ಬರಹ" ಮಾತ್ರ ನಮ್ಮದು.

ಗಾ. ಶಿ., ಶಿವಮೊಗ್ಗ

ಅರಬ್ಬಿಯಿಂದ ಬಂದರೂ ಜನರ ಬಾಯಲ್ಲಿ ಸವೆದು ಕನ್ನಡವಾಗಿದೆ. "ಬದಲಾಯಿಸು" ಎಂದು ಕನ್ನಡದ ಪ್ರತ್ಯಯ ಹತ್ತಿಸಿಕೊಂಡು ಓಡಾಡುತ್ತಿದೆ. ಪಂಡಿತರು ಪುಸ್ತಕದಿಂದ ಎತ್ತಿ ತಂದ ಪದಕ್ಕೂ ಸಂತೆಯಲ್ಲಿ ಬೆಳೆದ ಪದಕ್ಕೂ ವ್ಯತ್ಯಾಸವಿದೆ. ಅದೂ ಬೇಡವಾದರೆ "ತಿಟ್ಟದ ಸೊಲ್ಲು" ಎನ್ನಿ.

ಸ. ಹೆ., ಧಾರವಾಡ

ಗಾ. ಶಿ. ಸರ್, "ತಿಟ್ಟ" ಹಾಕಿದರೆ ಅದಕ್ಕೇ ಇನ್ನೊಂದು ಟಿಪ್ಪಣಿ ಬರೆಯಬೇಕಾಗುತ್ತದೆ. ಇರುವುದೇ ಒಂದು ಪುಟ.

ರ. ಪೈ, ಮಂಗಳೂರು

ನನ್ನದೊಂದು ತೊಡಕು. ಚಿತ್ರಗಳಿಗೆಲ್ಲ ವಿವರ ಬರೆದಾಯಿತು, ಆದರೆ ಹಳೆಯ ಸ್ಲೈಡಿನ ಕನ್ನಡವನ್ನು ಸ್ಕ್ರೀನ್ ರೀಡರ್ ಇಂಗ್ಲಿಷ್ ಅಕ್ಷರಗಳಂತೆ ಏನೇನೋ ಓದುತ್ತದೆ. ತೆರೆಯ ಮೇಲೆ ನೋಡಿದರೆ ಎಲ್ಲ ಸರಿಯಾಗಿದೆ.

ಮ. ನಾ., ಮೈಸೂರು

ಆ ಸ್ಲೈಡಿನ ಒಂದು ಸಾಲನ್ನು ಆರಿಸಿ ಫಾಂಟನ್ನು `Nirmala UI` ಮಾಡಿ. "ಕನ್ನಡ" ಎಂದಿದ್ದದ್ದು ಹೀಗೆ ಕಂಡರೆ ಅದು ಯೂನಿಕೋಡ್ ಅಲ್ಲ, ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಸಂಕೇತ:

```
PÀ£ÀßqÀ
```

ಒಳಗಿರುವುದು ಲ್ಯಾಟಿನ್ ಅಕ್ಷರಗಳೇ. ಫಾಂಟು ಅವುಗಳಿಗೆ ಕನ್ನಡದ ವೇಷ ಹಾಕಿರುತ್ತದೆ. ಫಾಂಟು ಬದಲಿಸಿದರೆ ಸಾಲದು, ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತಂದು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಿಟ್ಟು ತಿದ್ದಬೇಕು. ಸ. ಹೆ. ಅವರೇ, ನಿಮ್ಮ ಪುಟದಲ್ಲಿ "ಓದಲು ಸುಲಭವಾದ ಫಾಂಟು" ಎಂದಷ್ಟೇ ಇದ್ದರೆ "ಯೂನಿಕೋಡ್ ಫಾಂಟು" ಎಂದು ಸೇರಿಸಿ.

ಇನ್ನು "ಬಣ್ಣದ ಅಂತರ". ಇದನ್ನು ನೀವು ಸರಿ ಎಂದುಕೊಂಡಿದ್ದೀರಿ, ಆದರೆ ಮೂರರಲ್ಲಿ ಹೆಚ್ಚು ದಾರಿ ತಪ್ಪಿಸುವುದು ಇದೇ. ಹಸಿರು `#008000` ಮೇಲೆ ಕೆಂಪು `#FF0000` ಬರೆದರೆ ಬಣ್ಣದ ಅಂತರ ಬೇಕಾದಷ್ಟಿದೆ. ಕಾಂಟ್ರಾಸ್ಟ್ ಮಾತ್ರ ಸುಮಾರು 1.3:1, ಅಂದರೆ ಇಲ್ಲವೆಂದೇ ಲೆಕ್ಕ. ಅಳೆಯುವುದು ಬೆಳಕು ಎಷ್ಟು ಹೆಚ್ಚು ಕಡಿಮೆ ಎಂಬುದನ್ನು. ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಬೇಕು. ಬಿಳಿಯ ಮೇಲೆ ಬೂದು `#767676` ಹೇಗೋ ದಾಟುತ್ತದೆ, `#777777` ದಾಟುವುದಿಲ್ಲ. 18 ಪಾಯಿಂಟಿನಿಂದ ಮೇಲಿನ ಅಕ್ಷರಕ್ಕೆ 3:1 ಸಾಕು ಎಂಬ ರಿಯಾಯಿತಿ ಇದೆ. ಕನ್ನಡಕ್ಕೆ ಅದನ್ನು ಬಳಸಬೇಡಿ ಎಂಬುದು ನನ್ನ ಅಭಿಪ್ರಾಯ, ಅಕ್ಷರ ದೊಡ್ಡದಿದ್ದರೂ ಕೆಳಗಿನ ಒತ್ತು ಸಣ್ಣದೇ. "ಬೆಳಕಿನ ಅಂತರ" ಎಂದರೆ ಹೇಗೆ?

ಕೆ. ವಿ., ತುಮಕೂರು

"ಬೆಳಕಿನ ಅಂತರ" ಎಂದರೆ ಕೋಣೆಯ ದೀಪ ಎಂದುಕೊಳ್ಳುತ್ತಾರೆ. "ಕಾಂಟ್ರಾಸ್ಟ್" ಎಂದೇ ಇರಲಿ. ಟಿವಿ ಇರುವ ಮನೆಯಲ್ಲೆಲ್ಲ ಗೊತ್ತಿರುವ ಪದ.

ಗಾ. ಶಿ., ಶಿವಮೊಗ್ಗ

ಹೀಗೆಯೇ ಒಂದೊಂದಾಗಿ ಬಿಟ್ಟುಕೊಡುತ್ತ ಬಂದಿದ್ದೇವೆ. ಒಪ್ಪುವುದಿಲ್ಲ.

ಮ. ನಾ., ಮೈಸೂರು

ಒಪ್ಪಬೇಡಿ, ಇದನ್ನು ಇನ್ನೊಮ್ಮೆ ಜಗಳವಾಡೋಣ. ಉಳಿದದ್ದು "ಓದುವ ಕ್ರಮ". "ಕ್ರಮ" ಎಂದರೆ ವಿಧಾನ ಎಂದೂ ಆಗುತ್ತದೆ, ಜೋರಾಗಿ ಓದಬೇಕೋ ಮೌನವಾಗಿಯೋ ಎಂಬಂತೆ. ಇಲ್ಲಿ ಬೇಕಾದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದು. "ಓದಿನ ಸರದಿ" ಅದನ್ನು ನೇರ ಹೇಳುತ್ತದೆ.

ಪದದ ಜೊತೆ ವಾಕ್ಯವನ್ನೂ ನೋಡಿಕೊಳ್ಳಿ. ಪವರ್‌ಪಾಯಿಂಟಿನ `Reading Order` ಪಟ್ಟಿ ಮೇಲಿನಿಂದ ಕೆಳಕ್ಕೆ ಓದಿಸಿಕೊಳ್ಳುತ್ತದೆ. `Selection Pane` ಪಟ್ಟಿ ತದ್ವಿರುದ್ಧ, ಅಲ್ಲಿ ಎಲ್ಲಕ್ಕಿಂತ ಕೆಳಗಿರುವುದನ್ನು ಮೊದಲು ಓದುತ್ತದೆ. ನಿಮ್ಮ ಮೂಲ ಯಾವ ಪಟ್ಟಿಯ ಬಗ್ಗೆ ಹೇಳುತ್ತಿದೆ ಎಂದು ನೋಡದೆ "ಮೇಲಿನಿಂದ ಕೆಳಕ್ಕೆ" ಎಂದು ಬರೆದರೆ ಇಡೀ ಸ್ಲೈಡು ತಲೆಕೆಳಗಾಗುತ್ತದೆ.

ಘಟ್ಟದ ಸ್ಲೈಡಿನಲ್ಲಿ ಶೀರ್ಷಿಕೆ ಮೊದಲು, ಆಮೇಲೆ ಪೀಠಿಕೆಯ ಸಾಲು, ಆಮೇಲೆ ಚಿತ್ರ, ಕೊನೆಗೆ ಪ್ರಶ್ನೆ ಬರಬೇಕು. ಶೀರ್ಷಿಕೆಯನ್ನು ಆಮೇಲೆ ಬೇರೆ ಪೆಟ್ಟಿಗೆಯಲ್ಲಿ ಸೇರಿಸಿದ್ದರೆ ಅದು ಕೊನೆಗೆ ಕೇಳಿಸುತ್ತದೆ. ಬಾಣಗಳೂ ಹೆಸರುಗಳೂ ಬಿಡಿಬಿಡಿಯಾಗಿದ್ದರೆ ಎಲ್ಲವನ್ನೂ ಗ್ರೂಪ್ ಮಾಡಿ, ಚಿತ್ರವಿವರವನ್ನು ಗ್ರೂಪಿಗೆ ಕೊಡಿ. ಒಂದು ಎಚ್ಚರ: ಸರದಿ ಬದಲಿಸಿದರೆ ಯಾವುದು ಯಾವುದರ ಮೇಲೆ ಕೂರುತ್ತದೆ ಎಂಬುದೂ ಬದಲಾಗುತ್ತದೆ. ಹಿನ್ನೆಲೆಯ ಚೌಕ ಸರದಿಯಲ್ಲಿ ಹಿಂದೆ ಬಿದ್ದರೆ ಅಕ್ಷರಗಳನ್ನೇ ಮುಚ್ಚಿಬಿಡುತ್ತದೆ. ಅದನ್ನು ಸರದಿಯಲ್ಲಿ ಮೊದಲಿಗೇ ಇಟ್ಟು `Mark as decorative` ಗುರುತು ಹಾಕಿ. ಕೊನೆಗೆ ಸ್ಲೈಡಿನ ಮೇಲೆ `Tab` ಒತ್ತುತ್ತ ಹೋದರೆ ಸರದಿ ಕಣ್ಣಿಗೇ ಕಾಣುತ್ತದೆ.

ರ. ಪೈ, ಮಂಗಳೂರು

ಹೌದು, ಫಾಂಟು ಬದಲಿಸಿದ ಕೂಡಲೇ ಆ ವಿಚಿತ್ರ ಅಕ್ಷರಗಳೇ ಬಂದವು. ಆದರೆ "ಚಿತ್ರವಿವರ" ಬಗ್ಗೆ ಒಂದು ಸಂದೇಹ. ಗ್ರಾಫಿಗೂ ಕೋಷ್ಟಕಕ್ಕೂ ಇದನ್ನು ಬರೆಯಬೇಕಲ್ಲ, ಅವು ಚಿತ್ರವೇ? "ವಿವರ" ಎಂದರೆ ಉದ್ದವಾಗಿ ಬರೆಯುವವರೂ ಇರುತ್ತಾರೆ.

ಸ. ಹೆ., ಧಾರವಾಡ

ಎರಡೂ ನ್ಯಾಯವಾದ ಆಕ್ಷೇಪ, ನನ್ನ ಬಳಿ ಉತ್ತರವಿಲ್ಲ. ನಾಳೆಗೆ ಹೀಗೆ ಕಳಿಸುತ್ತಿದ್ದೇನೆ:

"ಚಿತ್ರ, ಗ್ರಾಫ್, ಕೋಷ್ಟಕ ಪ್ರತಿಯೊಂದಕ್ಕೂ ಒಂದೆರಡು ವಾಕ್ಯದ ಚಿತ್ರವಿವರ ಬರೆಯಿರಿ. ನಂತರ ಸ್ಲೈಡಿನ ಓದಿನ ಸರದಿ ಪರೀಕ್ಷಿಸಿ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ 4.5:1ಕ್ಕಿಂತ ಕಡಿಮೆ ಇರಬಾರದು."

ನನ್ನ ಮೂಲದಲ್ಲಿದ್ದದ್ದು `Selection Pane`. ನಾನು "ಮೇಲಿನಿಂದ ಕೆಳಕ್ಕೆ" ಎಂದೇ ಬರೆದಿದ್ದೆ, ಈಗ ತಿದ್ದಿದೆ.

ಗಾ. ಶಿ., ಶಿವಮೊಗ್ಗ

"ಸರದಿ" ಚೆನ್ನಾಗಿದೆ. "ಚಿತ್ರವಿವರ"ಕ್ಕೆ ನನ್ನ ವಿರೋಧ ದಾಖಲಾಗಿರಲಿ.